ಉಳಿಸಿಕೊಳ್ಳುವ ಆಫರ್ ಯಾರಿಗೆ ಕಳಿಸಬೇಕು? ಆರ್‌ಎಫ್‌ಎಂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆನ್‌ಲೈನ್ ಅಂಗಡಿ ನಡೆಸುವವರು ಮಾತಿನ ನಡುವೆ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಬಿಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ಸ್ಕೋರ್ ಹಾಕಿ ಆಗಿದೆ, ಮುಂದೇನು ಅನ್ನುವವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಆರ್‌ಎಫ್‌ಎಂ ಅಂದ್ರೆ ಏನು? ಸುಲಭವಾಗಿ ಹೇಳಿ.

ಪ್ರತಿ ಗ್ರಾಹಕರ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳುವ ಪದ್ಧತಿ ಇದು. ಕೊನೆಯ ಸಲ ಕೊಂಡು ಎಷ್ಟು ದಿನವಾಯಿತು? ಇದು ರೀಸೆನ್ಸಿ. ಎಷ್ಟು ಸಲ ಕೊಂಡಿದ್ದಾರೆ? ಇದು ಫ್ರೀಕ್ವೆನ್ಸಿ. ಒಟ್ಟು ಎಷ್ಟು ಹಣದ ವ್ಯಾಪಾರ ಮಾಡಿದ್ದಾರೆ? ಇದು ಮಾನಿಟರಿ. ಮೂರರಲ್ಲಿ ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡುತ್ತೇವೆ. ಮೊನ್ನೆ ಮೊನ್ನೆ ಕೊಂಡವರು, ತುಂಬಾ ಸಲ ಕೊಂಡವರು, ಹೆಚ್ಚು ಹಣ ಕೊಟ್ಟವರು 555 ಆಗುತ್ತಾರೆ. ಯಾವಾಗಲೋ ಒಮ್ಮೆ ಸಣ್ಣದೊಂದು ವಸ್ತು ಕೊಂಡು ಮರೆಯಾದವರು 111 ಆಗುತ್ತಾರೆ.

ಇದು ಹುಟ್ಟಿದ್ದು ಇಂಟರ್‌ನೆಟ್ಟಿಗಿಂತ ಎಷ್ಟೋ ಮುಂಚೆ, ಅಂಚೆಯಲ್ಲಿ ಕ್ಯಾಟಲಾಗ್ ಕಳಿಸಿ ವ್ಯಾಪಾರ ಮಾಡುತ್ತಿದ್ದವರ ನಡುವೆ. ಇದು ಬರೀ ಇತಿಹಾಸವಲ್ಲ. ಅವರಿಗೆ ದೊಡ್ಡ ಖರ್ಚು ಇದ್ದದ್ದು ಮುದ್ರಣಕ್ಕೆ ಮತ್ತು ಅಂಚೆಗೆ. ಹಾಗಾಗಿ ‘ಯಾರು ಕೊಳ್ಳುತ್ತಾರೆ?’ ಅನ್ನುವುದೇ ಅವರ ಪ್ರಶ್ನೆಯಾಗಿತ್ತು, ಅದಕ್ಕೆ ಆರ್‌ಎಫ್‌ಎಂ ಒಳ್ಳೆಯ ಉತ್ತರ ಕೊಡುತ್ತಿತ್ತು. ನಿಮ್ಮ ಸ್ಥಿತಿ ಬೇರೆ. ಮೆಸೇಜ್ ಕಳಿಸುವುದು ಹೆಚ್ಚುಕಡಿಮೆ ಪುಕ್ಕಟೆ, ಕೈ ಕಚ್ಚುವುದು ಡಿಸ್ಕೌಂಟ್. ಹಾಗಾಗಿ ನೀವು ಕೇಳಬೇಕಾದದ್ದು ‘ಆಫರ್ ಕೊಟ್ಟರೆ ಮಾತ್ರ ಕೊಳ್ಳುವವರು ಯಾರು?’ ಎಂದು. ಈ ಎರಡು ಪ್ರಶ್ನೆಗಳು ಕೇಳಲು ಒಂದೇ ಥರ ಇದ್ದರೂ ಉತ್ತರಗಳು ಹಲವು ಸಲ ತದ್ವಿರುದ್ಧ. ಕೆಳಗಿನ ಬಹುತೇಕ ಉತ್ತರಗಳು ಈ ವ್ಯತ್ಯಾಸದ ಸುತ್ತಲೇ ತಿರುಗುತ್ತವೆ.

ಮೂರರಲ್ಲಿ ಯಾವುದು ಮುಖ್ಯ?

ಮುಂದಿನ ಖರೀದಿಯನ್ನು ಊಹಿಸಲು ಸಾಮಾನ್ಯವಾಗಿ ರೀಸೆನ್ಸಿ ಹೆಚ್ಚು ನೆರವಾಗುತ್ತದೆ, ಆಮೇಲೆ ಫ್ರೀಕ್ವೆನ್ಸಿ. ಮಾನಿಟರಿಯ ಪಾಲು ಕಡಿಮೆ, ಯಾಕೆಂದರೆ ಹೆಚ್ಚು ಸಲ ಕೊಂಡವರ ಒಟ್ಟು ಮೊತ್ತ ತಾನಾಗಿಯೇ ಹೆಚ್ಚಿರುತ್ತದೆ. ಒಂದೇ ಸಂಗತಿಯನ್ನು ಎರಡು ಸಲ ಎಣಿಸಿದ ಹಾಗೆ. ಒಟ್ಟು ಮೊತ್ತದ ಬದಲು ಒಂದು ಆರ್ಡರಿನ ಸರಾಸರಿ ಮೊತ್ತ ಹಾಕಿದರೆ ಈ ತೊಡಕು ಕಡಿಮೆಯಾಗುತ್ತದೆ. ಮಾರಾಟದ ಮೊತ್ತ ಬಿಟ್ಟು ಲಾಭದ ಮೊತ್ತ ಹಾಕಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಎಷ್ಟು ಹಿಂದಿನ ಆರ್ಡರ್‌ಗಳವರೆಗೆ ತಗೋಬೇಕು?

ಒಂದು ಪೂರ್ತಿ ವರ್ಷ ತೆಗೆದುಕೊಂಡು ಶುರು ಮಾಡಿ. ಅದಕ್ಕಿಂತ ಕಡಿಮೆ ತೆಗೆದುಕೊಂಡರೆ ಹಬ್ಬದ ಸೀಸನ್ ಒಳಗೆ ಬಂತೋ ಹೊರಗೆ ಉಳಿಯಿತೋ ಅನ್ನುವುದರ ಮೇಲೆ ಎಲ್ಲರ ಅಂಕವೂ ಏರುಪೇರಾಗುತ್ತದೆ. ನಿಮ್ಮ ಗ್ರಾಹಕರು ವರ್ಷಕ್ಕೆ ಒಂದೆರಡು ಸಲ ಮಾತ್ರ ಕೊಳ್ಳುವಂಥ ವಸ್ತುವಾದರೆ ಎರಡು ವರ್ಷ ತೆಗೆದುಕೊಳ್ಳಿ. ಲೆಕ್ಕದ ದಿನಾಂಕವನ್ನು ಮಾತ್ರ ಎಲ್ಲರಿಗೂ ಒಂದೇ ಆಗಿ ಗಟ್ಟಿಯಾಗಿ ನಿಲ್ಲಿಸಿ. ಕ್ವೆರಿಯಲ್ಲಿ ‘ಇವತ್ತು’ ಅಂತ ಬರೆದರೆ ನಾಳೆ ಓಡಿಸಿದಾಗ ಬೇರೆ ಉತ್ತರ ಬರುತ್ತದೆ. ಆಮೇಲೆ ಯಾವ ಗುಂಪಿಗೆ ಯಾಕೆ ಆಫರ್ ಹೋಯಿತು ಅಂತ ಹುಡುಕಲೂ ಆಗುವುದಿಲ್ಲ.

## ಲೆಕ್ಕ ಹಾಕುವಾಗ

ಆರ್ಡರ್ ಟೇಬಲ್ ಹಾಗೇ ಹಾಕಿದ್ರೆ ಸಾಕಲ್ವಾ?

ಸಾಲದು. ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ. ನಾನು ಕೆಲಸ ಮಾಡಿದ ಒಂದು ಅಂಗಡಿಯಲ್ಲಿ ಅತಿ ಹೆಚ್ಚು ಅಂಕದವರ ಪಟ್ಟಿಯನ್ನು ಒಬ್ಬೊಬ್ಬರಾಗಿ ತೆರೆದು ನೋಡಿದಾಗ, ಮೇಲಿನ ಸಾಲಲ್ಲೇ ಇದ್ದ ಒಬ್ಬರ ಹೆಸರಲ್ಲಿ ಒಂಬತ್ತು ಆರ್ಡರ್ ಇದ್ದವು. ಅದರಲ್ಲಿ ಏಳು ವಾಪಸ್ ಬಂದಿದ್ದವು. ಟೇಬಲ್ ಪ್ರಕಾರ ಅವರು ಅತ್ಯುತ್ತಮ ಗ್ರಾಹಕರು, ಲೆಕ್ಕಪುಸ್ತಕದ ಪ್ರಕಾರ ನಷ್ಟ. ಅಂದಿನಿಂದ ಸ್ಕೋರ್ ಹಾಕಿದ ಮೇಲೆ ಮೇಲಿನ 20 ಮತ್ತು ಕೆಳಗಿನ 20 ಗ್ರಾಹಕರ ಇತಿಹಾಸವನ್ನು ಕಣ್ಣಾರೆ ನೋಡದೆ ಮುಂದೆ ಹೋಗುವುದಿಲ್ಲ.

ತಲುಪಿದ ಆರ್ಡರ್‌ಗಳನ್ನು ಮಾತ್ರ ಎಣಿಸಿ, ರಿಟರ್ನ್ ಆದ ಮೊತ್ತ ಕಳೆಯಿರಿ. ಒಂದೇ ಆರ್ಡರ್ ಎರಡು ಪಾರ್ಸೆಲ್ ಆಗಿ ಹೋಗಿದ್ದರೆ ಅದು ಎರಡು ಸಲ ಕೊಂಡ ಹಾಗಲ್ಲ. ಲಾಗಿನ್ ಆಗದೆ ಕೊಂಡವರನ್ನು ಫೋನ್ ನಂಬರ್ ಅಥವಾ ಇಮೇಲ್ ನೋಡಿ ಒಬ್ಬರಾಗಿ ಸೇರಿಸಿ. ಇಲ್ಲವಾದರೆ ಆರು ಸಲ ಕೊಂಡ ಒಬ್ಬರು, ಒಂದೊಂದು ಸಲ ಕೊಂಡ ಆರು ಜನರಂತೆ ಕಾಣುತ್ತಾರೆ. ಸಗಟು ಕೊಳ್ಳುವವರನ್ನು ಬೇರೆ ಇಡಿ.

ಇದನ್ನೆಲ್ಲ ಅಭ್ಯಾಸ ಮಾಡಬೇಕು ಅನ್ನುವವರಿಗೆ ಯುಸಿಐ ವಿಶ್ವವಿದ್ಯಾಲಯದ ಡೇಟಾ ಭಂಡಾರದಲ್ಲಿ Online Retail ಅನ್ನುವ ಡೇಟಾಸೆಟ್ ಉಚಿತವಾಗಿ ಸಿಗುತ್ತದೆ. ಬ್ರಿಟನ್ನಿನ ಒಂದು ಆನ್‌ಲೈನ್ ಅಂಗಡಿಯ 2010ರ ಡಿಸೆಂಬರಿನಿಂದ 2011ರ ಡಿಸೆಂಬರಿನವರೆಗಿನ 5,41,909 ಸಾಲುಗಳು ಅದರಲ್ಲಿವೆ. ರದ್ದಾದ ಬಿಲ್ಲುಗಳ ನಂಬರ್ `C` ಅಕ್ಷರದಿಂದ ಶುರುವಾಗುತ್ತದೆ, ಸುಮಾರು ಕಾಲು ಭಾಗ ಸಾಲುಗಳಲ್ಲಿ ಗ್ರಾಹಕರ ನಂಬರೇ ಇಲ್ಲ, ಕೊಂಡವರಲ್ಲಿ ಸಗಟು ವ್ಯಾಪಾರಿಗಳೂ ಇದ್ದಾರೆ. ನಿಜವಾದ ಡೇಟಾ ಹೇಗಿರುತ್ತದೋ ಹಾಗೇ ಇದೆ.

ಶುದ್ಧ ಮಾಡಿದ ಮೇಲೆ ಲೆಕ್ಕ ಇಷ್ಟೇ:

```sql
SELECT customer_id,
       DATE '2025-06-30' - MAX(order_date) AS recency_days,
       COUNT(DISTINCT order_id) AS frequency,
       SUM(net_amount) AS monetary
FROM orders
WHERE status = 'delivered'
  AND order_date > DATE '2024-06-30'
  AND order_date <= DATE '2025-06-30'
GROUP BY customer_id;
```

ಇದು ಪೋಸ್ಟ್‌ಗ್ರೆಸ್‌ಗೆ ಬರೆದದ್ದು. ಬೇರೆ ಡೇಟಾಬೇಸುಗಳಲ್ಲಿ ದಿನಾಂಕ ಕಳೆಯುವ ರೀತಿ ಬೇರೆ ಇರಬಹುದು.

ಫ್ರೀಕ್ವೆನ್ಸಿಯನ್ನು ಐದು ಭಾಗ ಮಾಡೋಕೆ ಹೋದ್ರೆ ಎರರ್ ಬರ್ತಿದೆ. ಏನು ಮಾಡ್ಲಿ?

ಪೈಥಾನಿನ ಪಾಂಡಾಸ್‌ನಲ್ಲಿ ಸಮ ಪಾಲು ಮಾಡುವ `qcut` ಬಳಸಿದಾಗ ಬರುವ `Bin edges must be unique` ಇದು. ಎರರ್ ಬಂದದ್ದು ಒಳ್ಳೆಯದೇ ಆಯಿತು, ನಿಮ್ಮ ಡೇಟಾದ ಒಂದು ನಿಜ ಗೊತ್ತಾಯಿತು. ಆನ್‌ಲೈನ್ ಅಂಗಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗ್ರಾಹಕರು ಒಂದೇ ಸಲ ಕೊಂಡವರಾಗಿರುವುದು ಅಪರೂಪವೇನಲ್ಲ. ಅಷ್ಟು ಜನರಿಗೆ ಫ್ರೀಕ್ವೆನ್ಸಿ 1 ಇರುವಾಗ ಗ್ರಾಹಕರನ್ನು ಸಮನಾದ ಐದು ಪಾಲು ಮಾಡಲು ಆಗುವುದೇ ಇಲ್ಲ.

ಇದಕ್ಕಿಂತ ಅಪಾಯ ಇರುವುದು ಎಸ್‌ಕ್ಯೂಎಲ್‌ನ `NTILE(5)` ಬಳಸುವವರಿಗೆ. ಅದು ಎರರ್ ಕೊಡುವುದಿಲ್ಲ. ಒಂದೊಂದೇ ಸಲ ಕೊಂಡ ಇಬ್ಬರಲ್ಲಿ ಒಬ್ಬರಿಗೆ 1, ಇನ್ನೊಬ್ಬರಿಗೆ 3 ಅಂತ ಕುರುಡಾಗಿ ಹಂಚಿಬಿಡುತ್ತದೆ. ಪರೀಕ್ಷೆ ಸುಲಭ: ಪ್ರತಿ ಎಫ್ ಅಂಕದಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚು ಆರ್ಡರ್ ಸಂಖ್ಯೆ ಎಷ್ಟಿದೆ ನೋಡಿ. ಒಂದೇ ಸಂಖ್ಯೆ ಎರಡು ಅಂಕಗಳಲ್ಲಿ ಕಂಡರೆ ಹಂಚಿಕೆ ಕೆಟ್ಟಿದೆ ಎಂದರ್ಥ.

ಪರಿಹಾರ, ಗಡಿಗಳನ್ನು ಕೈಯಾರೆ ಹಾಕುವುದು:

```python
df["F"] = pd.cut(df["frequency"],
                 [0, 1, 2, 4, 8, float("inf")],
                 labels=[1, 2, 3, 4, 5])
```

ಇಲ್ಲಿ ಒಂದು ಸಲ ಕೊಂಡವರಿಗೆ 1, ಎರಡು ಸಲ ಕೊಂಡವರಿಗೆ 2, ಮೂರು ನಾಲ್ಕು ಸಲಕ್ಕೆ 3, ಐದರಿಂದ ಎಂಟಕ್ಕೆ 4, ಒಂಬತ್ತು ಮತ್ತು ಅದಕ್ಕಿಂತ ಹೆಚ್ಚು ಸಲಕ್ಕೆ 5. ಗುಂಪುಗಳು ಸಮನಾಗಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಪ್ರತಿ ಅಂಕಕ್ಕೂ ಬಾಯಿಬಿಟ್ಟು ಹೇಳಬಹುದಾದ ಒಂದು ಅರ್ಥ ಇದ್ದರೆ ಸಾಕು.

ನಮ್ಮಲ್ಲಿ ಇರೋದೇ ಕೆಲವು ಸಾವಿರ ಗ್ರಾಹಕರು. 125 ಗುಂಪು ಬೇಕಾ?

ಬೇಡ. ಮೂರಕ್ಕೂ ಐದೈದು ಅಂಕ ಕೊಟ್ಟು 125 ಗುಂಪು ಮಾಡಿದರೆ ಕೆಲವದರಲ್ಲಿ ಹತ್ತಿಪ್ಪತ್ತು ಜನ ಮಾತ್ರ ಇರುತ್ತಾರೆ. ಅವರಿಂದ ಏನನ್ನೂ ಕಲಿಯಲು ಆಗುವುದಿಲ್ಲ. ಆರ್ ಮತ್ತು ಎಫ್ ಎರಡನ್ನೇ ಮೂರು ಮೂರು ಭಾಗ ಮಾಡಿ, ಒಂಬತ್ತು ಗುಂಪು ಸಾಕು. ಮಾನಿಟರಿಯನ್ನು ಆಫರಿನ ಗಾತ್ರ ತೀರ್ಮಾನಿಸುವಾಗ ನೋಡಿದರಾಯಿತು. ಮೂರು ಅಂಕಗಳನ್ನು ಕೂಡಿಸಿ ‘12ಕ್ಕಿಂತ ಮೇಲೆ’ ಅಂತ ಗೆರೆ ಎಳೆಯಬೇಡಿ. 155 ಮತ್ತು 551 ಎರಡೂ ಕೂಡಿದರೆ 11. ಮೊದಲನೆಯವರು ಕೈಬಿಟ್ಟು ಹೋಗುತ್ತಿರುವ ದೊಡ್ಡ ಗ್ರಾಹಕರು, ಎರಡನೆಯವರು ಆಗಾಗ ಬಂದು ಚಿಕ್ಕಪುಟ್ಟದ್ದು ಕೊಳ್ಳುವವರು. ಕೂಡಿಸಿದ ಕೂಡಲೇ ಆ ವ್ಯತ್ಯಾಸ ಅಳಿಸಿಹೋಗುತ್ತದೆ.

## ಆಫರ್ ಯಾರಿಗೆ

555 ಇರೋ ಗ್ರಾಹಕರಿಗೇ ತಾನೇ ಒಳ್ಳೆ ಡಿಸ್ಕೌಂಟ್ ಕೊಡಬೇಕಾದ್ದು? ಅವರೇ ನಮ್ಮ ಬೆನ್ನೆಲುಬು.

ಬೆನ್ನೆಲುಬು ಹೌದು. ಆದರೆ ಉಳಿಸಿಕೊಳ್ಳುವ ಆಫರ್ ಇರುವುದು ಹೊರಟವರನ್ನು ತಡೆಯಲು. ಅವರು ಹೊರಟಿಲ್ಲ. ಮುಂದಿನ ವಾರ ಪೂರ್ತಿ ಬೆಲೆಗೆ ಕೊಳ್ಳಲಿದ್ದವರಿಗೆ ನೀವು 10% ಬಿಟ್ಟುಕೊಟ್ಟರೆ, ಬರಬೇಕಾದ ಲಾಭದಲ್ಲಿ ಒಂದು ಪಾಲನ್ನು ನೀವೇ ಕೈಯಿಂದ ಕೊಟ್ಟ ಹಾಗೆ. ಅವರಿಗೆ ಕೃತಜ್ಞತೆ ತೋರಿಸಬೇಕು ಅನ್ನುವುದನ್ನು ನಾನೂ ಗಟ್ಟಿಯಾಗಿ ಒಪ್ಪುತ್ತೇನೆ. ಅದಕ್ಕೆ ಬೇರೆ ದಾರಿಗಳಿವೆ: ಹೊಸ ಮಾಲು ಬಂದಾಗ ಒಂದು ದಿನ ಮುಂಚೆ ತೋರಿಸುವುದು, ಬೇಗ ತಲುಪಿಸುವುದು, ರಿಟರ್ನ್ ತಕರಾರಿಲ್ಲದೆ ತೆಗೆದುಕೊಳ್ಳುವುದು. ಅವರ ದೂರು ಬಂದರೆ ಮೊದಲು ಉತ್ತರಿಸುವುದು ಇವೆಲ್ಲಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ.

ಹಾಗಾದ್ರೆ ಯಾರಿಗೆ ಕಳಿಸೋದು? ರೀಸೆನ್ಸಿ ಅಂಕ ಕಡಿಮೆ ಇರೋ ಎಲ್ಲರಿಗೂ?

ಅದೂ ಅಲ್ಲ. ರೀಸೆನ್ಸಿ ಎಲ್ಲರನ್ನೂ ಒಂದೇ ಅಳತೆಗೋಲಲ್ಲಿ ಅಳೆಯುತ್ತದೆ. ಆದರೆ ಪ್ರತಿಯೊಬ್ಬರಿಗೂ ಅವರದೇ ಒಂದು ಲಯ ಇರುತ್ತದೆ.

ಇಬ್ಬರು ಗ್ರಾಹಕರನ್ನು ನೋಡಿ. ಇಬ್ಬರೂ ಕೊನೆಯ ಸಲ ಕೊಂಡು 60 ದಿನವಾಗಿದೆ, ಹಾಗಾಗಿ ಆರ್ ಅಂಕ ಒಂದೇ. ಮೊದಲನೆಯವರು 220 ದಿನಗಳಲ್ಲಿ 12 ಸಲ ಕೊಂಡಿದ್ದಾರೆ. ನಡುವಿನ ಅಂತರಗಳು 11, ಅಂದರೆ ಸರಾಸರಿ 20 ದಿನಕ್ಕೊಮ್ಮೆ. ಎರಡನೆಯವರು 270 ದಿನಗಳಲ್ಲಿ 4 ಸಲ ಕೊಂಡಿದ್ದಾರೆ. ಅಂತರಗಳು 3, ಸರಾಸರಿ 90 ದಿನಕ್ಕೊಮ್ಮೆ. ಈಗ 60 ದಿನದ ಮೌನವನ್ನು ಅವರವರ ಸರಾಸರಿಯಿಂದ ಭಾಗಿಸಿ. ಮೊದಲನೆಯವರಿಗೆ 3 ಬರುತ್ತದೆ, ಎರಡನೆಯವರಿಗೆ ಸುಮಾರು 0.67. ಎರಡನೆಯವರು ಮನೆಯಲ್ಲಿ ನೆಮ್ಮದಿಯಾಗಿದ್ದಾರೆ, ಅವರು ಬರುವ ಹೊತ್ತೇ ಇನ್ನೂ ಆಗಿಲ್ಲ. ಮೊದಲನೆಯವರಿಗೆ ಏನೋ ಆಗಿದೆ.

ನನ್ನ ಅನುಭವದಲ್ಲಿ ಉಳಿಸಿಕೊಳ್ಳುವ ಆಫರಿಗೆ ಮೊದಲು ಪ್ರಯೋಗ ಮಾಡಬೇಕಾದ ಗುಂಪು ಇದು: ಎಫ್ ಅಂಕ 4 ಅಥವಾ 5, ಈ ಭಾಗಲಬ್ಧ ಒಂದೂವರೆ ದಾಟಿದೆ, ಮೂರನ್ನು ಇನ್ನೂ ಹೆಚ್ಚು ಮೀರಿಲ್ಲ. ಒಂದೂವರೆಗಿಂತ ಕೆಳಗಿನವರು ಹೇಗೂ ಬರುತ್ತಾರೆ. ತುಂಬಾ ಮೇಲೆ ಹೋದವರು ಬೇರೆ ಅಂಗಡಿ ಹಿಡಿದಾಗಿರುತ್ತದೆ, ಹತ್ತು ಪರ್ಸೆಂಟಿಗೆ ವಾಪಸ್ ಬರುವುದು ಕಷ್ಟ. ಒಂದೂವರೆ, ಮೂರು ಅನ್ನುವುದು ಶುರುಮಾಡಲು ಹಿಡಿದ ಅಂದಾಜು ಅಷ್ಟೇ, ನಿಮ್ಮ ಪ್ರಯೋಗದ ಫಲ ನೋಡಿ ಸರಿಸಿಕೊಳ್ಳಿ.

ಕಳಿಸುವ ಮುಂಚೆ ಇನ್ನೊಂದು ಕೆಲಸ ಇದೆ. ಆ ಪಟ್ಟಿಯಲ್ಲಿರುವವರ ಕೊನೆಯ ಆರ್ಡರ್ ತಡವಾಗಿ ತಲುಪಿತೇ, ಒಡೆದು ಬಂತೇ, ದೂರು ಇನ್ನೂ ಬಾಕಿ ಇದೆಯೇ ನೋಡಿ. ಹಣ ವಾಪಸ್ ಬರಲಿಲ್ಲ ಅಂತ ಸಿಟ್ಟಾಗಿರುವವರ ಕೈಗೆ ‘ನಿಮ್ಮನ್ನು ಮಿಸ್ ಮಾಡ್ತಿದ್ದೀವಿ’ ಅನ್ನುವ ಕೂಪನ್ ಹೋದರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ಅವರಿಗೆ ಬೇಕಾದದ್ದು ಒಂದು ಫೋನ್ ಕರೆ.

ಒಂದೇ ಸಲ ಕೊಂಡವರಿಗೆ ಸರಾಸರಿ ಅಂತರ ಎಲ್ಲಿಂದ ತರೋದು?

ಅವರಿಗೆ ಸ್ವಂತ ಲಯ ಇಲ್ಲ, ಆದ್ದರಿಂದ ಉಳಿದವರಿಂದ ಸಾಲ ತರಬೇಕು. ಎರಡನೇ ಸಲ ಕೊಂಡ ಎಲ್ಲರನ್ನೂ ತೆಗೆದುಕೊಂಡು, ಮೊದಲ ಮತ್ತು ಎರಡನೇ ಖರೀದಿಯ ನಡುವೆ ಎಷ್ಟು ದಿನ ಹಿಡಿಯಿತು ಅಂತ ಸಾಲಾಗಿ ಜೋಡಿಸಿ. ಉದಾಹರಣೆಗೆ ಅವರಲ್ಲಿ ಅರ್ಧದಷ್ಟು ಜನ 35 ದಿನದೊಳಗೆ, 80% ಜನ 75 ದಿನದೊಳಗೆ ಬಂದಿದ್ದಾರೆ ಅಂತ ಇಟ್ಟುಕೊಳ್ಳಿ. ಆಗ 35ನೇ ದಿನದ ಹೊತ್ತಿಗೆ ಡಿಸ್ಕೌಂಟ್ ಇಲ್ಲದ ಒಂದು ನೆನಪಿನ ಮೆಸೇಜ್, 75ರ ಆಸುಪಾಸಿನಲ್ಲಿ ಆಫರ್. ಇತ್ತೀಚೆಗಷ್ಟೇ ಮೊದಲ ಸಲ ಕೊಂಡವರನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ. ಎರಡನೇ ಸಲ ಬರಲು ಅವರಿಗೆ ಸಮಯವೇ ಸಿಕ್ಕಿರುವುದಿಲ್ಲ, ಹಾಗಾಗಿ ಅವರಲ್ಲಿ ಬೇಗ ಬಂದವರು ಮಾತ್ರ ಎಣಿಕೆಗೆ ಸಿಕ್ಕಿ ಅಂತರ ಸುಳ್ಳೇ ಚಿಕ್ಕದಾಗಿ ಕಾಣುತ್ತದೆ.

## ಲಾಭ ಆಯಿತೋ ನಷ್ಟ ಆಯಿತೋ

ನಮ್ಮ ಟಾಪ್ ಗುಂಪಿನಲ್ಲಿ ಕೂಪನ್ ಬಳಸಿದವರೇ ಹೆಚ್ಚು. ಅಂದ್ರೆ ಆಫರ್ ಅಲ್ಲೇ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ತಾನೇ?

ಈ ಪ್ರಶ್ನೆಗೆ ಪೂರ್ತಿ ಲೆಕ್ಕ ಹಾಕಿಯೇ ಉತ್ತರಿಸಬೇಕು. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮವನ್ನು ಹಾಕಿ ನೋಡಿ.

ಸರಾಸರಿ ಆರ್ಡರ್ 100 ಅಂತ ಇಟ್ಟುಕೊಳ್ಳೋಣ, ಅದರಲ್ಲಿ ಲಾಭ 30. ಆಫರ್ 10% ಡಿಸ್ಕೌಂಟ್, ಅಂದರೆ ಕೂಪನ್ ಬಳಸಿದ ಪ್ರತಿ ಆರ್ಡರಿನಲ್ಲಿ ಉಳಿಯುವುದು 20. ಒಂದು ಮೆಸೇಜ್ ಕಳಿಸಲು 0.05. ಮೂರು ಗುಂಪುಗಳಿವೆ. ಪ್ರತಿ ಗುಂಪಿನಲ್ಲೂ ಚೀಟಿ ಎತ್ತಿದಂತೆ 4,000 ಜನರಿಗೆ ಆಫರ್ ಕಳಿಸಿ, ಇನ್ನೊಂದು 4,000 ಜನರಿಗೆ ಏನೂ ಕಳಿಸದೆ ಬಿಟ್ಟಿದ್ದೇವೆ. ಆಫರ್ ಸಿಕ್ಕು ಕೊಂಡವರೆಲ್ಲ ಕೂಪನ್ ಬಳಸಿದ್ದಾರೆ. ಕಳಿಸುವ ಖರ್ಚು ಪ್ರತಿ ಗುಂಪಿಗೂ 200.

ಮೊದಲನೆಯದು ಟಾಪ್ ಗುಂಪು. ಆಫರ್ ಇಲ್ಲದೆ 50% ಜನ ಕೊಂಡರು, ಅಂದರೆ 2,000 ಆರ್ಡರ್, ಲಾಭ 60,000. ಆಫರ್ ಸಿಕ್ಕವರಲ್ಲಿ 52% ಕೊಂಡರು, 2,080 ಆರ್ಡರ್, ತಲಾ 20ರಂತೆ 41,600. ಕಳಿಸುವ ಖರ್ಚು ಕಳೆದರೆ 41,400. ಅಂದರೆ ಆಫರಿನಿಂದ 18,600 ನಷ್ಟ.

ಎರಡನೆಯದು ಹಿಂದೆ ಆಗಾಗ ಕೊಳ್ಳುತ್ತಿದ್ದು ಈಗ ತಮ್ಮ ಲಯ ತಪ್ಪಿದವರ ಗುಂಪು. ಆಫರ್ ಇಲ್ಲದೆ 10%, 400 ಆರ್ಡರ್, ಲಾಭ 12,000. ಆಫರ್ ಸಿಕ್ಕವರಲ್ಲಿ 17%, 680 ಆರ್ಡರ್, 13,600. ಖರ್ಚು ಕಳೆದು 13,400. ಇಲ್ಲಿ 1,400 ಲಾಭ.

ಮೂರನೆಯದು ಯಾವಾಗಲೋ ಬಂದು ಹೋದವರದು. ಆಫರ್ ಇಲ್ಲದೆ 1%, 40 ಆರ್ಡರ್, 1,200. ಆಫರಿನಿಂದ 1.6%, 64 ಆರ್ಡರ್, 1,280. ಖರ್ಚು ಕಳೆದರೆ 1,080, ಅಂದರೆ 120 ನಷ್ಟ.

ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು 52%, 17%, 1.6% ಮಾತ್ರ. ಅಲ್ಲಿ ಅತಿ ಚೆನ್ನಾಗಿ ಕಂಡ ಗುಂಪೇ ಅತಿ ಹೆಚ್ಚು ನಷ್ಟ ತಂದಿದೆ.

ಒಂದು ಸುಲಭ ಸೂತ್ರ ನೆನಪಿಡಿ. ಲಾಭವನ್ನು, ಲಾಭದಿಂದ ಡಿಸ್ಕೌಂಟ್ ಕಳೆದು ಉಳಿದದ್ದರಿಂದ ಭಾಗಿಸಿ. ಇಲ್ಲಿ 30 ಭಾಗಿಸು 20, ಅಂದರೆ 1.5. ಆಫರ್ ಸಿಕ್ಕ ಗುಂಪಿನ ಖರೀದಿ, ಸಿಗದ ಗುಂಪಿನದಕ್ಕಿಂತ ಒಂದೂವರೆ ಪಟ್ಟು ಆದರೆ ಮಾತ್ರ ಡಿಸ್ಕೌಂಟಿನ ಅಸಲು ಗಿಟ್ಟುತ್ತದೆ. 50% ಕೊಳ್ಳುವ ಗುಂಪು 75% ಆಗಬೇಕು, ಅದು ಹೆಚ್ಚುಕಡಿಮೆ ಆಗದ ಮಾತು. 10% ಇದ್ದದ್ದು 15% ಆಗುವುದು ಸಾಧ್ಯ. ಡಿಸ್ಕೌಂಟ್ 15% ಮಾಡಿದರೆ 30 ಭಾಗಿಸು 15, ಖರೀದಿ ಎರಡು ಪಟ್ಟೇ ಆಗಬೇಕು. ಆಫರ್ ಸ್ವಲ್ಪ ದೊಡ್ಡದಾದರೂ ದಾಟಬೇಕಾದ ಗೋಡೆ ಎಷ್ಟು ಎತ್ತರವಾಗುತ್ತದೆ ಅನ್ನುವುದು ಇದರಲ್ಲಿ ಕಾಣುತ್ತದೆ.

ಕಳಿಸೋ ಮುಂಚೆ ಎಷ್ಟು ಸೇಲ್ ಇತ್ತು, ಆಮೇಲೆ ಎಷ್ಟಾಯ್ತು ಅಂತ ನೋಡಿದ್ರೆ ಸಾಲದಾ? ಕೆಲವರಿಗೆ ಕಳಿಸದೇ ಬಿಡೋದು ಅನ್ಯಾಯ ಅನ್ಸುತ್ತೆ.

ಸಾಲದು, ಕಾರಣ ಆಯ್ಕೆಯಲ್ಲೇ ಇದೆ. ನೀವು ಪಟ್ಟಿಗೆ ಸೇರಿಸಿದ್ದು ಈಗ ಸುಮ್ಮನಾಗಿರುವವರನ್ನು. ಸುಮ್ಮನಾದವರಲ್ಲಿ ಕೆಲವರು ಏನೂ ಮಾಡದಿದ್ದರೂ ವಾಪಸ್ ಬರುತ್ತಾರೆ. ಪ್ರಯಾಣದಲ್ಲಿದ್ದರು, ಹುಷಾರಿರಲಿಲ್ಲ, ಹಿಂದೆ ಕೊಂಡದ್ದು ಇನ್ನೂ ಮುಗಿದಿರಲಿಲ್ಲ. ಕಳಿಸುವ ಹಿಂದಿನ ತಿಂಗಳು ಅವರ ಖರೀದಿ ಸೊನ್ನೆ, ಯಾಕೆಂದರೆ ಸೊನ್ನೆ ಇದ್ದದ್ದಕ್ಕೇ ಅವರನ್ನು ಆರಿಸಿದಿರಿ. ಹಾಗಾಗಿ ಮುಂದಿನ ತಿಂಗಳು ಎಷ್ಟೇ ಬಂದರೂ ಆಫರಿನ ಪವಾಡದಂತೆ ಕಾಣುತ್ತದೆ. ಮೇಲಿನ ಲೆಕ್ಕದ ಎರಡನೇ ಗುಂಪಿನಲ್ಲಿ ಬಂದ 680 ಆರ್ಡರ್‌ಗಳಲ್ಲಿ 400 ಹೇಗೂ ಬರುತ್ತಿದ್ದವು. ಅದು ಗೊತ್ತಾದದ್ದು ಕಳಿಸದೆ ಬಿಟ್ಟವರಿಂದ.

ಅನ್ಯಾಯದ ಮಾತಿಗೆ: ಆಫರ್ ಯಾರಿಗೆ ಉಪಯೋಗ ಅಂತ ನಿಮಗೆ ಇನ್ನೂ ಗೊತ್ತಿಲ್ಲದಿರುವಾಗ ಚೀಟಿ ಎತ್ತುವುದಕ್ಕಿಂತ ನ್ಯಾಯವಾದ ದಾರಿ ನನಗಂತೂ ಕಾಣದು. ಆದರೆ ನಿಜವಾಗಿ ಚೀಟಿ ಎತ್ತಬೇಕು. ‘ಮೊದಲ 4,000 ಜನರಿಗೆ’ ಅಂತ ತೆಗೆದರೆ ಪಟ್ಟಿ ಯಾವುದೋ ಕ್ರಮದಲ್ಲಿ, ಹೆಚ್ಚಾಗಿ ಹಳೆಯ ಗ್ರಾಹಕರು ಮೊದಲು ಬರುವಂತೆ, ಜೋಡಣೆಯಾಗಿರುತ್ತದೆ. ಎರಡು ಗುಂಪುಗಳನ್ನು ಹೋಲಿಸುವಾಗ ಕೂಪನ್ ಬಳಸಿದವರನ್ನು ಮಾತ್ರ ಎಣಿಸುವುದು ಇನ್ನೊಂದು ತಪ್ಪು. ಮೆಸೇಜ್ ತೆರೆಯದವರೂ ಸೇರಿ ಕಳಿಸಿದ ಎಲ್ಲರನ್ನೂ, ಕಳಿಸದ ಎಲ್ಲರ ಎದುರು ಇಡಿ.

ಕಂಟ್ರೋಲ್ ಗುಂಪಿಗೆ ಎಷ್ಟು ಜನ ಬೇಕು?

ಕಂಟ್ರೋಲ್ ಗುಂಪು ಅಂದರೆ ಆಫರ್ ಕಳಿಸದೆ ಬಿಟ್ಟವರು. ಎಷ್ಟು ಜನ ಬೇಕು ಅನ್ನುವುದು ನೀವು ಹುಡುಕುತ್ತಿರುವ ವ್ಯತ್ಯಾಸ ಎಷ್ಟು ಚಿಕ್ಕದು ಅನ್ನುವುದರ ಮೇಲಿದೆ. ಆಫರ್ ಇಲ್ಲದೆ 10% ಕೊಳ್ಳುವ ಗುಂಪಿನಲ್ಲಿ ಅದು 12% ಆಯಿತೇ ಅಂತ ನಂಬಿಕೆಯಿಂದ ಹೇಳಲು ಪ್ರತಿ ಬದಿಗೂ ಸುಮಾರು 3,800 ಜನ ಬೇಕು. ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಸಾಧ್ಯತೆ 5%, ಇರುವ ವ್ಯತ್ಯಾಸ ಪತ್ತೆಯಾಗುವ ಸಾಧ್ಯತೆ 80% ಅಂತ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಇದು. ಆದರೆ 10% ಡಿಸ್ಕೌಂಟಿನ ಅಸಲು ಗಿಟ್ಟಲು 15% ಆಗಬೇಕಿತ್ತಲ್ಲ? 10ರಿಂದ 15ಕ್ಕೆ ಏರಿದ್ದನ್ನು ಪತ್ತೆ ಮಾಡಲು ಪ್ರತಿ ಬದಿಗೂ ಸುಮಾರು 700 ಜನ ಸಾಕು. ಅಷ್ಟೂ ಇಲ್ಲದ ಚಿಕ್ಕ ಅಂಗಡಿಯಾದರೆ ಎರಡು ಮೂರು ತಿಂಗಳು ಅದೇ ನಿಯಮದಲ್ಲಿ ಕಳಿಸುತ್ತಾ ಹೋಗಿ, ಫಲವನ್ನು ಕೊನೆಗೆ ಒಟ್ಟಿಗೆ ನೋಡಿ. ನಡುನಡುವೆ ಇಣುಕಿ ‘ಗೆದ್ದೆವು’ ಅಂತ ನಿಲ್ಲಿಸಿದರೆ ಆ ಗೆಲುವನ್ನು ನಂಬಲು ಆಗುವುದಿಲ್ಲ.

## ಇನ್ನೂ ಆಳಕ್ಕೆ

ಆಫರ್ ಸಿಕ್ಕವರು ಆಮೇಲೆ ಆಫರಿಗೋಸ್ಕರ ಕಾಯ್ತಾ ಕೂತರೆ?

ಕಾಯುತ್ತಾರೆ. ಇದು ಎರಡು ರೂಪದಲ್ಲಿ ಬರುತ್ತದೆ. ಮೊದಲನೆಯದು, ಮುಂದಿನ ತಿಂಗಳು ಕೊಳ್ಳಬೇಕಾದದ್ದನ್ನು ಈ ತಿಂಗಳೇ ಕೊಂಡುಬಿಡುವುದು. 30 ದಿನಕ್ಕೆ ಲೆಕ್ಕ ನಿಲ್ಲಿಸಿದರೆ ಲಾಭ ಕಾಣುತ್ತದೆ, 90 ದಿನ ನೋಡಿದರೆ ಕಂಟ್ರೋಲ್ ಗುಂಪು ನಿಧಾನವಾಗಿ ಬಂದು ಸೇರಿಕೊಂಡಿರುತ್ತದೆ. ಅದಕ್ಕೇ ಎರಡೂ ಗುಂಪುಗಳ ಒಟ್ಟು ಲಾಭವನ್ನು 30, 60, 90ನೇ ದಿನ ಪಕ್ಕಪಕ್ಕ ಬರೆದಿಡಿ. ನಡುವಿನ ಅಂತರ ಕುಗ್ಗುತ್ತಾ ಹೋದರೆ ನೀವು ಹೊಸ ಖರೀದಿ ತಂದಿಲ್ಲ, ಮುಂದೆ ಬರಬೇಕಿದ್ದದ್ದನ್ನು ಈಗಲೇ ಎಳೆದುಕೊಂಡಿದ್ದೀರಿ.

ಎರಡನೆಯದು ಕಲಿಕೆ. ಸುಮ್ಮನಿದ್ದರೆ ಕೂಪನ್ ಬರುತ್ತದೆ ಅನ್ನುವುದನ್ನು ಗ್ರಾಹಕರು ಎರಡೇ ಸಲಕ್ಕೆ ಕಂಡುಕೊಳ್ಳುತ್ತಾರೆ. ಒಬ್ಬರಿಗೆ ಉಳಿಸಿಕೊಳ್ಳುವ ಆಫರ್ ಹೋದ ಮೇಲೆ ಆರು ತಿಂಗಳು ಮತ್ತೆ ಹೋಗದಂತೆ ನಿಯಮ ಹಾಕಿಡಿ. ಕೂಪನ್ನಿನ ಮೇಲೆ ಕೊಂಡ ಆರ್ಡರ್‌ಗಳನ್ನು ಬೇರೆ ಕಾಲಂನಲ್ಲಿ ಗುರುತಿಸಿ. ಇಲ್ಲದಿದ್ದರೆ ಡಿಸ್ಕೌಂಟಿಗೆ ಮಾತ್ರ ಬರುವವರು ಎಫ್ ಅಂಕದಲ್ಲಿ ಮೇಲೇರಿ, ನಿಮ್ಮ ನಿಷ್ಠ ಗ್ರಾಹಕರ ಪಟ್ಟಿಯಲ್ಲಿ ಕೂತಿರುತ್ತಾರೆ.

ಬಿಜಿ/ಎನ್‌ಬಿಡಿ ಮಾಡೆಲ್ ಇರುವಾಗ ಇನ್ನೂ ಆರ್‌ಎಫ್‌ಎಂ ಯಾಕೆ?

ಆರ್‌ಎಫ್‌ಎಂ ಮತ್ತು ಈ ಸಂಖ್ಯಾಶಾಸ್ತ್ರದ ಮಾಡೆಲ್ ಎರಡೂ ಒಂದೇ ಮನೆತನದವು. 1987ರಲ್ಲಿ ಬಂದ ಪರೆಟೊ/ಎನ್‌ಬಿಡಿ ಮತ್ತು ಅದನ್ನು ಸುಲಭ ಮಾಡಿ 2005ರಲ್ಲಿ ಫೇಡರ್, ಹಾರ್ಡಿ, ಲೀ ಕೊಟ್ಟ ಬಿಜಿ/ಎನ್‌ಬಿಡಿ, ಎರಡಕ್ಕೂ ಬೇಕಾದದ್ದು ಪ್ರತಿ ಗ್ರಾಹಕರ ಆರ್, ಎಫ್ ಮತ್ತು ಅವರು ನಿಮಗೆ ಪರಿಚಯವಾಗಿ ಎಷ್ಟು ಕಾಲವಾಯಿತು ಅನ್ನುವುದು. ಅದರಿಂದ ಗ್ರಾಹಕರು ‘ಇನ್ನೂ ನಮ್ಮವರೇ’ ಅನ್ನುವ ಸಂಭವವನ್ನು ಲೆಕ್ಕ ಹಾಕುತ್ತವೆ. 60 ದಿನದ ಮೌನ ಆಗಾಗ ಕೊಳ್ಳುತ್ತಿದ್ದವರಲ್ಲಿ ಹೆಚ್ಚು ಅಪಾಯದ ಸೂಚನೆ ಅಂತ ಮೇಲೆ ಕೈಲೆಕ್ಕದಲ್ಲಿ ಕಂಡೆವಲ್ಲ, ಅದನ್ನೇ ಈ ಮಾಡೆಲ್‌ಗಳು ಗಣಿತದಿಂದ ಹೇಳುತ್ತವೆ.

ಬಳಸುವಾಗ ಎಡವುವುದು ಹೆಸರುಗಳಲ್ಲಿ. ಅಲ್ಲಿ ಫ್ರೀಕ್ವೆನ್ಸಿ ಅಂದರೆ ಮೊದಲ ಖರೀದಿ ಬಿಟ್ಟು ಮರುಖರೀದಿಗಳ ಎಣಿಕೆ. ರೀಸೆನ್ಸಿ ಅಂದರೆ ಮೊದಲ ಖರೀದಿಯಿಂದ ಕೊನೆಯ ಖರೀದಿಯವರೆಗಿನ ಕಾಲ. ಅಂದರೆ ದೊಡ್ಡ ಸಂಖ್ಯೆಯೇ ಒಳ್ಳೆಯದು, ನಮ್ಮ ಆರ್‌ಎಫ್‌ಎಂ ದಿನಗಳ ಲೆಕ್ಕಕ್ಕೆ ಉಲ್ಟಾ. 12 ಸಲ ಕೊಂಡ ಆ ಗ್ರಾಹಕರಿಗೆ ಫ್ರೀಕ್ವೆನ್ಸಿ 11, ರೀಸೆನ್ಸಿ 220, ಪರಿಚಯದ ಕಾಲ 280 ಅಂತ ಹಾಕಬೇಕು. 12 ಮತ್ತು 60 ಹಾಕಿದರೂ ಮಾಡೆಲ್ ಎರರ್ ಕೊಡದೆ ಓಡಬಹುದು, ಉತ್ತರ ಮಾತ್ರ ಕಸ.

ಇಷ್ಟೆಲ್ಲ ಮಾಡಿದರೂ ಅದು ಹೇಳುವುದು ಯಾರು ಕೊಳ್ಳಬಹುದು ಅಂತ. ಆಫರಿಗೆ ಯಾರು ಬದಲಾಗುತ್ತಾರೆ ಅನ್ನುವುದು ಅದಕ್ಕೂ ಗೊತ್ತಿಲ್ಲ. ಮಾಡೆಲ್ ಸುಧಾರಿಸಲು ಒಂದು ತಿಂಗಳು, ಕಂಟ್ರೋಲ್ ಗುಂಪಿಟ್ಟು ಪ್ರಯೋಗಕ್ಕೆ ಒಂದು ತಿಂಗಳು, ಎರಡರಲ್ಲಿ ಒಂದೇ ಸಾಧ್ಯ ಅಂದರೆ ಪ್ರಯೋಗವನ್ನೇ ಆರಿಸಿ.

ಸ್ಕೋರ್ ಎಷ್ಟು ದಿನಕ್ಕೊಮ್ಮೆ ಹೊಸದಾಗಿ ಹಾಕಬೇಕು?

ನಿಮ್ಮ ಆಗಾಗ ಕೊಳ್ಳುವ ಗ್ರಾಹಕರ ಸರಾಸರಿ ಅಂತರದ ಅರ್ಧಕ್ಕಿಂತ ತಡ ಮಾಡಬೇಡಿ. 20 ದಿನಕ್ಕೊಮ್ಮೆ ಕೊಳ್ಳುವವರಿದ್ದರೆ ವಾರಕ್ಕೊಮ್ಮೆ ಹಾಕುವುದು ಸರಿ. ತಿಂಗಳಿಗೊಮ್ಮೆ ಹಾಕಿದರೆ ಒಂದೂವರೆಯಿಂದ ಮೂರರ ನಡುವಿನ ಆ ಕಿಟಕಿ, ಅಂದರೆ 30ನೇ ದಿನದಿಂದ 60ನೇ ದಿನ, ನೀವು ನೋಡುವ ಹೊತ್ತಿಗೆ ಮುಚ್ಚುವ ಹಂತಕ್ಕೆ ಬಂದಿರಬಹುದು. ಹೊಸ ಅಂಕ ಹಾಕುವಾಗ ಹಳೆಯದನ್ನು ಅಳಿಸದೆ ದಿನಾಂಕದ ಜೊತೆ ಉಳಿಸಿ. ಎಫ್ 5 ಇದ್ದವರು ಕಳೆದ ತಿಂಗಳಿಂದ ಎಷ್ಟು ಜನ ಕೆಳಗಿಳಿದರು ಅನ್ನುವುದನ್ನು ಇವತ್ತಿನ ಅಂಕವೊಂದೇ ಹೇಳಲಾರದು.

ಆರ್‌ಎಫ್‌ಎಂ ಕೆಲಸಕ್ಕೇ ಬಾರದ ಅಂಗಡಿ ಇದೆಯಾ?

ಇದೆ. ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಸೇವೆಗಳಲ್ಲಿ ಹಣ ತಾನಾಗಿಯೇ ಕಡಿತವಾಗುತ್ತದೆ. ಎಲ್ಲರ ರೀಸೆನ್ಸಿಯೂ 30 ದಿನದೊಳಗೇ ಇರುತ್ತದೆ, ರದ್ದು ಮಾಡುವ ಹಿಂದಿನ ದಿನವೂ ಅಂಕ 5. ಅಲ್ಲಿ ನೋಡಬೇಕಾದದ್ದು ಕೊನೆಯ ಸಲ ಬಳಸಿದ್ದು ಯಾವಾಗ ಅಂತ, ಹಣ ಕಟ್ಟಿದ್ದು ಯಾವಾಗ ಅಂತ ಅಲ್ಲ. ಇನ್ನೊಂದು, ಹಾಸಿಗೆ ಅಥವಾ ಫ್ರಿಜ್‌ನಂತೆ ಹಲವು ವರ್ಷಕ್ಕೊಮ್ಮೆ ಕೊಳ್ಳುವ ಒಂದೇ ವಸ್ತು ಮಾರುವ ಅಂಗಡಿ. ಅಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಫ್ರೀಕ್ವೆನ್ಸಿ 1, ಲಯ ಅನ್ನುವುದೇ ಇಲ್ಲ. ಅಂಥವರು ಉಳಿಸಿಕೊಳ್ಳುವ ಆಫರಿಗೆ ಇಟ್ಟ ಹಣವನ್ನು, ಕೊಂಡವರು ಇನ್ನೊಬ್ಬರಿಗೆ ಹೇಳುವಂತೆ ಮಾಡುವುದಕ್ಕೆ ಖರ್ಚು ಮಾಡಿದರೆ ಹೆಚ್ಚು ಫಲ ಸಿಗಬಹುದು, ಅದನ್ನೂ ಚಿಕ್ಕದಾಗಿ ಪ್ರಯೋಗ ಮಾಡಿ ನೋಡಿದ ಮೇಲೆ.